ಹಕ್ಕಿಮರಿಯ ಹಾಡು, ಕೂಸಿನ ಮಾತು
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿ, ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ಮಾಡಿದ ಭಾಷಣ)



ನಾನು ಮೇಷ್ಟರಾಗಿದ್ದಾಗ ಎಂಟನೇ ತರಗತಿಯ ಹುಡುಗಿಯೊಬ್ಬಳು ಕೇಳಿದ್ದಳು: "ಸಾರ್, ಕೋಗಿಲೆ ಮರಿ ಕಾಗೆ ಗೂಡಿನಲ್ಲೇ ಬೆಳೆಯುತ್ತಲ್ಲ, ಮತ್ತೆ ಯಾಕೆ ಕಾ ಕಾ ಅನ್ನಲ್ಲ?" ಅದು ಹುಟ್ಟುಗುಣ ಎಂದು ಹೇಳಿ ಪಾಠ ಮುಂದುವರಿಸಿದೆ. ಕೋಗಿಲೆಯ ಮಟ್ಟಿಗೆ ಆ ಉತ್ತರ ಸರಿ. ಹುಂಜವೂ ಅಷ್ಟೆ, ಯಾರೂ ಹೇಳಿಕೊಡದೆ ಕೂಗುತ್ತದೆ. ಆದರೆ ಎಲ್ಲ ಹಕ್ಕಿಗಳೂ ಹಾಗಲ್ಲ. ಹಾಡುಹಕ್ಕಿಗಳು ಎಂಬ ಗುಂಪಿನ ಮರಿಗಳು ದೊಡ್ಡವರಿಂದ ಕೇಳಿ ಕಲಿಯದಿದ್ದರೆ ತಮ್ಮ ಜಾತಿಯ ಹಾಡನ್ನು ಸರಿಯಾಗಿ ಹಾಡಲಾರವು. ನಮ್ಮ ಕೂಸುಗಳು ಮಾತು ಕಲಿಯುವುದೂ ಹೀಗೆಯೇ. ಇದನ್ನು ನಾನು ತಡವಾಗಿ ತಿಳಿದೆ. ಆ ತಡಕ್ಕೆ ಬೆಲೆ ತೆತ್ತವನು ನನ್ನ ವಿದ್ಯಾರ್ಥಿಯೊಬ್ಬ. ಅವನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದು ಗುಬ್ಬಿ ಇದೆ. ನೆತ್ತಿಯ ಮೇಲೆ ಕಪ್ಪು ಬಿಳಿ ಪಟ್ಟೆ ಇರುವುದರಿಂದ ಬಿಳಿನೆತ್ತಿ ಗುಬ್ಬಿ ಎನ್ನೋಣ. ಅಲ್ಲಿ ಹಾಡುವುದು ಮುಖ್ಯವಾಗಿ ಗಂಡು ಹಕ್ಕಿ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಒಂದು ಕಡೆಯ ಗುಬ್ಬಿಗಳ ಹಾಡಿನ ಧಾಟಿ ಇನ್ನೊಂದು ಕಡೆಯವುಗಳಂತಿಲ್ಲ. ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ ಎನ್ನುವ ಹಾಗೆ. ಪೀಟರ್ ಮಾರ್ಲರ್ ಎಂಬ ವಿಜ್ಞಾನಿ ಮರಿಗಳನ್ನು ತಂದು, ದೊಡ್ಡ ಹಕ್ಕಿಗಳ ದನಿ ಕೇಳದಂತೆ ಸಾಕಿ, ಟೇಪಿನಲ್ಲಿ ಹಾಡು ಕೇಳಿಸಿ ನೋಡಿದರು.

ಹುಟ್ಟಿ ಸುಮಾರು 10ರಿಂದ 50 ದಿನಗಳ ಒಳಗೆ ಟೇಪು ಕೇಳಿಸಿದ ಮರಿ ಆ ಹಾಡನ್ನೇ ಕಲಿಯಿತು. ಆ ಅವಧಿ ದಾಟಿದ ಮೇಲೆ ಕೇಳಿಸಿದರೆ ಕಲಿಯಲಿಲ್ಲ. ಏನನ್ನೂ ಕೇಳದ ಮರಿ ದೊಡ್ಡದಾಗಿ ಹಾಡಿತು, ಆದರೆ ಅದು ಯಾವ ಊರಿನ ಧಾಟಿಯೂ ಅಲ್ಲದ ಒರಟು ಹಾಡು.

ಇಲ್ಲಿ ಒಂದು ವಿಶೇಷ ಗಮನಿಸಿ. ಕೇಳುವ ಆ ದಿನಗಳಲ್ಲಿ ಮರಿ ಹಾಡುವುದಿಲ್ಲ. ತಿಂಗಳುಗಳ ನಂತರ ಮೆಲ್ಲಗೆ ಗುನುಗಲು ಶುರುಮಾಡುತ್ತದೆ. ಮೊದಲು ಗೊತ್ತುಗುರಿಯಿಲ್ಲದ ದನಿ. ಆಮೇಲೆ ಹಾಡಿನ ತುಣುಕುಗಳು ಬರುತ್ತವೆ, ತಪ್ಪುತ್ತವೆ, ಮತ್ತೆ ಬರುತ್ತವೆ. ವರ್ಷ ತುಂಬುವ ಹೊತ್ತಿಗೆ ಹಾಡು ಗಟ್ಟಿಯಾಗಿ ನಿಲ್ಲುತ್ತದೆ. ಅಂದರೆ ಎಂದೋ ಕೇಳಿದ್ದು ನೆನಪಿನಲ್ಲಿ ಇತ್ತು. ಮರಿ ತನ್ನ ದನಿಯನ್ನು ಆ ನೆನಪಿನೊಡನೆ ಹೋಲಿಸಿ ತಿದ್ದಿಕೊಂಡಿತು.

ಇದು ಬರೀ ಊಹೆಯಲ್ಲ. ಮಾರ್ಲರ್ ಅವರ ಶಿಷ್ಯ ಕೊನಿಷಿ 1965ರಲ್ಲಿ ಪ್ರಕಟಿಸಿದ ಪ್ರಯೋಗ ಕಠಿಣವಾದದ್ದು. ಹಾಡನ್ನು ಚೆನ್ನಾಗಿ ಕೇಳಿದ, ಆದರೆ ಇನ್ನೂ ಹಾಡಲು ತೊಡಗದ ಮರಿಗಳ ಕೇಳುವ ಶಕ್ತಿಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದರು. ಅವು ದೊಡ್ಡವಾಗಿ ಹಾಡಿದ್ದು, ಏನನ್ನೂ ಕೇಳದೆ ಬೆಳೆದ ಮರಿಗಳ ಹಾಡಿಗಿಂತಲೂ ಕೆಟ್ಟದಾಗಿತ್ತು. ಗುರುವಿನ ಹಾಡು ಕೇಳಿದ್ದರೂ ತಮ್ಮ ದನಿ ತಮಗೇ ಕೇಳದೆ ತಿದ್ದಿಕೊಳ್ಳಲಾಗಲಿಲ್ಲ. ಆದರೆ ಹಾಡು ಪೂರ್ತಿ ಕಲಿತ ಮೇಲೆ ಕಿವುಡಾದ ಹಕ್ಕಿಗಳ ಹಾಡು ಉಳಿಯಿತು.

ಇದನ್ನು ನಮ್ಮ ಮನೆಗಳಿಗೆ ಹೋಲಿಸಿ ನೋಡಿ. ಎಪ್ಪತ್ತು ವರ್ಷಕ್ಕೆ ಕಿವಿ ಮಂದವಾದ ಅಜ್ಜ ಮಾತು ಮರೆಯುವುದಿಲ್ಲ. ಹುಟ್ಟಿನಿಂದಲೇ ಕಿವಿ ಕೇಳದ ಕೂಸಿಗೆ ನಾಲಿಗೆ, ಗಂಟಲು ಎಲ್ಲ ಸರಿಯಿದ್ದರೂ ಮಾತು ತಾನಾಗಿ ಬರುವುದಿಲ್ಲ.

ಕೂಸೂ ಮೊದಲು ಕೇಳುತ್ತದೆ. ಕೆನಡಾದಲ್ಲಿ ವರ್ಕರ್ ಮತ್ತು ಟೀಸ್ ಎಂಬ ಇಬ್ಬರು ಹಿಂದಿಯ ತ ಮತ್ತು ಟ ದನಿಗಳನ್ನು ಇಂಗ್ಲಿಷ್ ಮನೆಯ ಕೂಸುಗಳಿಗೆ ಕೇಳಿಸಿದರು. ಈ ವ್ಯತ್ಯಾಸ ಕನ್ನಡದಲ್ಲೂ ಇದೆ, ಇಂಗ್ಲಿಷಿನಲ್ಲಿ ಇಲ್ಲ. ಆರರಿಂದ ಎಂಟು ತಿಂಗಳ ಕೂಸುಗಳಲ್ಲಿ ಹೆಚ್ಚಿನವು ಎರಡನ್ನೂ ಬೇರೆ ಬೇರೆ ಎಂದು ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳಲ್ಲಿ ಗುರುತಿಸಿದವು ಕೆಲವೇ ಕೆಲವು. ಮೊದಲ ಮಾತು ಆಡುವ ಮುಂಚೆಯೇ ಕಿವಿ ಮನೆಯ ಭಾಷೆಗೆ ಹೊಂದಿಕೊಂಡಿರುತ್ತದೆ.

ಆಮೇಲೆ ಗುಬ್ಬಿಯ ಗುನುಗಿನ ಹಾಗೆ ಕೂಸಿನ ತೊದಲು. ಆರೇಳು ತಿಂಗಳ ಸುಮಾರಿಗೆ "ಬಾಬಾಬಾ, ದಾದಾದಾ" ಶುರುವಾಗುತ್ತದೆ. ಅದಕ್ಕೆ ಅರ್ಥವಿಲ್ಲ. ಆದರೆ ಕೂಸು ತನ್ನ ದನಿಯನ್ನು ತಾನೇ ಕೇಳಿ ತಿದ್ದಿಕೊಳ್ಳುವ ಅಭ್ಯಾಸ ಅದು.

ಟೇಪು ಸಾಕೇ, ಜೀವಂತ ಗುರು ಬೇಕೇ? ಬ್ಯಾಪ್ಟಿಸ್ಟಾ ಮತ್ತು ಪೆಟ್ರಿನೊವಿಚ್ ಎಂಬುವರು ಟೇಪಿನ ಬದಲು ಜೀವಂತ ಹಕ್ಕಿಯನ್ನೇ ಗುಬ್ಬಿಮರಿಯ ಪಕ್ಕದಲ್ಲಿಟ್ಟರು. ಐವತ್ತು ದಿನ ದಾಟಿದ ಮರಿಯೂ ಕಲಿಯಿತು. ಬೇರೆ ಜಾತಿಯ ಹಕ್ಕಿಯಿಂದಲೂ ಕಲಿಯಿತು. ಹಾಗೆ ಗುರುವಾದ ಹಕ್ಕಿಗಳಲ್ಲಿ ಒಂದು, ನಮ್ಮ ಕೆರೆಯಂಚಿನ ಹುಲ್ಲಿನಲ್ಲಿ ಕಾಣುವ ಕೆಂಪು ಮುನಿಯ. ಕೂಸುಗಳಲ್ಲೂ ಇದೇ ಕಂಡಿತು. ಪೆಟ್ರೀಷಿಯಾ ಕುಹ್ಲ್ ಮತ್ತು ಸಂಗಡಿಗರು ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳ ಎದುರು ಚೀನೀ ಭಾಷೆ ಮಾತಾಡುವವರನ್ನು ಕೂರಿಸಿ ಹನ್ನೆರಡು ಸಲ ಆಟವಾಡಿಸಿದರು. ಕೂಸುಗಳು ಆ ಭಾಷೆಯ ದನಿಗಳನ್ನು ಗುರುತಿಸಲು ಕಲಿತವು. ಅದೇ ಮಾತುಗಳನ್ನು ಟಿವಿಯಲ್ಲಿ ತೋರಿಸಿದಾಗ ಏನೂ ಕಲಿಯಲಿಲ್ಲ. ಊಟ ಮಾಡಿಸಲು ಮಗುವಿನ ಮುಂದೆ ಮೊಬೈಲ್ ಇಡುವ ತಾಯಂದಿರು ಇದನ್ನು ನೆನಪಿಡಬೇಕು.

ಹೋಲಿಕೆಗೂ ಮಿತಿಯಿದೆ. ಗುಬ್ಬಿಯ ಹಾಡು "ಇದು ನನ್ನ ಜಾಗ" ಎನ್ನಬಹುದು, ಹೆಣ್ಣನ್ನು ಕರೆಯಬಹುದು. ನಿನ್ನೆ ಸಂತೆಯಲ್ಲಿ ನಡೆದದ್ದನ್ನು ಹೇಳಲಾರದು. ಇನ್ನೊಂದು, ನಮ್ಮ ಭಾಷೆಗೆ ಕಿವಿಯೊಂದೇ ದಾರಿಯಲ್ಲ. ಕಿವಿ ಕೇಳದ ಕೂಸಿನ ಎದುರು ಸನ್ನೆಭಾಷೆ ಬಳಸುವವರು ಇದ್ದರೆ ಅದು ಕೈಯಲ್ಲೇ ತೊದಲುತ್ತದೆ, ಕೈಯಲ್ಲೇ ಭಾಷೆ ಕಲಿಯುತ್ತದೆ.

ಈಗ ನನ್ನ ವಿದ್ಯಾರ್ಥಿಯ ವಿಷಯ. ನಾನು ಆಗ ಬೇರೊಂದು ಊರಿನಲ್ಲಿದ್ದೆ. ಕೇಳಿದ್ದಕ್ಕೆ ಉತ್ತರಿಸದ, ಮಾತು ಅಸ್ಪಷ್ಟವಾಗಿದ್ದ ಹುಡುಗನನ್ನು ದಡ್ಡನೆಂದು ತಿಳಿದು ಕೊನೆಯ ಬೆಂಚಿಗೆ ಕಳಿಸಿದೆ. ಎರಡು ವರ್ಷದ ನಂತರ ಆರೋಗ್ಯ ತಪಾಸಣೆಯಲ್ಲಿ ಅವನಿಗೆ ಕಿವಿ ಬಹಳ ಕಡಿಮೆ ಕೇಳುತ್ತದೆಂದು ತಿಳಿಯಿತು. ಹುಟ್ಟಿನಿಂದಲೇ ಹಾಗಂತೆ. ಅವರ ಅಮ್ಮ ನನ್ನ ಹತ್ತಿರ ಅತ್ತರು: "ಎಳೆಗೂಸಿದ್ದಾಗ ಎಲ್ಲರ ಹಾಗೇ ಆಂ ಊಂ ಅಂತಿದ್ದ ಸಾರ್, ಚಪ್ಪಾಳೆ ತಟ್ಟಿದರೆ ತಿರುಗುತ್ತಿದ್ದ."

ಮೋಸ ಹೋಗುವುದು ಇಲ್ಲೇ. ಕಿವಿ ಕೇಳದ ಕೂಸೂ ಮೊದಲ ತಿಂಗಳುಗಳಲ್ಲಿ ಆಂ ಊಂ ಎನ್ನುತ್ತದೆ. ಚಪ್ಪಾಳೆಗೆ ತಿರುಗುವುದು ಕೈಯ ನೆರಳು ಕಂಡೋ, ಗಾಳಿ ತಾಗಿಯೋ ಇರಬಹುದು. ನೋಡಬೇಕಾದ್ದು "ಬಾಬಾಬಾ" ಬಂತೇ ಎಂದು. ಹತ್ತು ತಿಂಗಳಾದರೂ ಬರದಿದ್ದರೆ "ಅವರಪ್ಪನೂ ತಡವಾಗಿ ಮಾತಾಡಿದ್ದ" ಎಂದು ಕಾಯಬೇಡಿ, ಕಿವಿ ಪರೀಕ್ಷೆ ಮಾಡಿಸಿ. ಅದಕ್ಕೂ ಮೊದಲೇ, ಹುಟ್ಟಿದ ತಿಂಗಳೊಳಗೆ ಪರೀಕ್ಷೆಯಾದರೆ ಎಲ್ಲಕ್ಕಿಂತ ಒಳ್ಳೆಯದು. ನಿದ್ದೆಯಲ್ಲಿರುವ ಕೂಸಿನ ಕಿವಿಗೆ ಸಣ್ಣ ತುದಿಯೊಂದನ್ನು ಇಟ್ಟು ಕೆಲವೇ ನಿಮಿಷಗಳಲ್ಲಿ ಮಾಡುತ್ತಾರೆ, ನೋವಿಲ್ಲ. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇರುವುದೇ ಇಂಥ ಕೆಲಸಕ್ಕೆ. ಆರು ತಿಂಗಳೊಳಗೆ ಶ್ರವಣ ಯಂತ್ರವೋ ತರಬೇತಿಯೋ ಶುರುವಾದ ಮಕ್ಕಳ ಮಾತು, ತಡವಾಗಿ ಗೊತ್ತಾದವರಿಗಿಂತ ಚೆನ್ನಾಗಿ ಬೆಳೆಯುತ್ತದೆ.

ಶಿಕ್ಷಕ ಮಿತ್ರರಿಗೆ ಒಂದು ಮಾತು. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತ ಮಗುವಿನ ಬೆನ್ನ ಹಿಂದೆ ನಿಂತು, ಮೆಲ್ಲಗೆ ಅದರ ಹೆಸರು ಕರೆಯಿರಿ. ತಿರುಗದಿದ್ದರೆ ಗದರಬೇಡಿ. ಮುಂದಿನ ಬೆಂಚಿಗೆ ಕರೆದು ಕೂರಿಸಿ, ಮನೆಯವರಿಗೆ ಹೇಳಿ ಕಳಿಸಿ. ನಾನು ಮಾಡದೆ ಬಿಟ್ಟದ್ದು ಅದನ್ನೇ.