ಬ್ಯಾಂಕಿಗೆ ಬರೆದ ಕಾಗದದಲ್ಲಿ ಜಮೀನು ಯಾಕೆ ಬಂತು?

(ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಹೋದ ವರ್ಷ ನಮ್ಮ ಪಕ್ಕದ ಹಳ್ಳಿಯ ಹುಡುಗನೊಬ್ಬ ಒಂದು ಕಾಗದ ಹಿಡಿದು ಮನೆಗೆ ಬಂದ. ಬಿ.ಎಸ್ಸಿ. ಕೃಷಿಗೆ ಸರ್ಕಾರಿ ಸೀಟು ಸಿಕ್ಕಿತ್ತು. ಕೃಷಿಕರ ಕೋಟಾದಲ್ಲಿ ಪ್ರಾಯೋಗಿಕ ಪರೀಕ್ಷೆ ಬರೆದು ಗಿಟ್ಟಿಸಿದ ಸೀಟು. ಬ್ಯಾಂಕಿನಲ್ಲಿ ವಿದ್ಯಾಸಾಲ ಕೇಳಬೇಕು, ಅದಕ್ಕೆ ಕಾಗದ ಬರೆದಿದ್ದ. "ಗೌಡ್ರೇ, ಒಂಚೂರು ನೋಡಿಕೊಡಿ" ಅಂದ.

ನೋಡಿದೆ. ಮೊದಲ ಸಾಲು: "ನಾನು ಬಡ ರೈತನ ಮಗನಾಗಿದ್ದು, ತಾವು ದಯಮಾಡಿ ಕೃಪೆ ತೋರಬೇಕು." ಎರಡನೇ ಸಾಲು: "ನಮ್ಮ 4 ಎಕರೆ 10 ಗುಂಟೆ ಜಮೀನನ್ನು ಅಡಮಾನ ಮಾಡಿಕೊಡಲು ನಮ್ಮ ತಂದೆಯವರು ಸಿದ್ಧರಿರುತ್ತಾರೆ." ಕಾಗದದ ಜೊತೆಗೆ ಪಹಣಿ ಬೇರೆ ಪಿನ್ನು ಹಾಕಿ ತಂದಿದ್ದ. ಎಷ್ಟು ಹಣ ಬೇಕು, ಯಾವುದಕ್ಕೆ ಬೇಕು ಅನ್ನೋದು ಮಾತ್ರ ಎಲ್ಲೂ ಇರಲಿಲ್ಲ.

ನೀವೇ ಹೇಳಿ, ಆ ಜಮೀನನ್ನು ಅವನಿಂದ ಕೇಳಿದವರು ಯಾರು? ಯಾರೂ ಕೇಳಿರಲಿಲ್ಲ. ನಮ್ಮ ಮನೆಗಳಲ್ಲಿ ಬ್ಯಾಂಕು ಅಂದ ಕೂಡಲೇ ಪಹಣಿ ಕೈಗೆ ಬರುತ್ತೆ, ಅದು ನಮ್ಮ ಚಾಳಿ. 4 ಲಕ್ಷ ರೂಪಾಯಿವರೆಗಿನ ವಿದ್ಯಾಸಾಲಕ್ಕೆ ಯಾವ ಅಡಮಾನವನ್ನೂ ಕೇಳಕೂಡದು ಎಂದು ರಿಸರ್ವ್ ಬ್ಯಾಂಕೇ ಬ್ಯಾಂಕುಗಳಿಗೆ ಹೇಳಿದೆ. ತಂದೆಯೋ ತಾಯಿಯೋ ಸಹಸಾಲಗಾರರಾಗಿ ಸಹಿ ಹಾಕಿದರೆ ಸಾಕು. ಬ್ಯಾಂಕುಗಳ ಮಾದರಿ ವಿದ್ಯಾಸಾಲ ಯೋಜನೆಯಲ್ಲಿ 4 ಲಕ್ಷದವರೆಗೆ ನಮ್ಮ ಕೈಯಿಂದ ಹಾಕುವ ಪಾಲೂ ಇಲ್ಲ. ಇಷ್ಟಿರುವಾಗ ಹುಡುಗ ತಾನಾಗಿ ಜಮೀನು ಬರೆದುಕೊಟ್ಟರೆ ಮ್ಯಾನೇಜರ್ ಬೇಡ ಅಂತಾರಾ?

ಅದಕ್ಕೇ ಅವನನ್ನು ಜಗಲಿ ಮೇಲೆ ಕೂರಿಸಿ ಲೆಕ್ಕ ಬರೆಸಿದೆ. ಕಾಲೇಜಿನ ಶುಲ್ಕದ ಪಟ್ಟಿ ಅವನ ಹತ್ತಿರ ಇತ್ತು. ವರ್ಷಕ್ಕೆ ಶುಲ್ಕ 38,000, ಹಾಸ್ಟೆಲು ಮತ್ತು ಊಟಕ್ಕೆ 52,000, ಪುಸ್ತಕ, ಪ್ರಯೋಗಾಲಯದ ಸಾಮಾನಿಗೆ 6,000. ಒಟ್ಟು 96,000. ನಾಲ್ಕು ವರ್ಷಕ್ಕೆ 3,84,000. ಇಲ್ಲಿಗೆ ನಿಲ್ಲಿಸಿಬಿಟ್ಟ. ಆದರೆ ಕೊನೇ ವರ್ಷ ಗ್ರಾಮೀಣ ಕೃಷಿ ಕಾರ್ಯಾನುಭವ ಅಂತ ಹುಡುಗರನ್ನು ಹಳ್ಳಿಗಳಲ್ಲಿ ಇರಿಸುತ್ತಾರೆ. ಓಡಾಟ, ಊಟ, ಅಧ್ಯಯನ ಪ್ರವಾಸ ಎಲ್ಲ ಸೇರಿ ಅದಕ್ಕೊಂದು 14,000 ಹಾಕಿಸಿದೆ. ಈ ಬಾಬ್ತನ್ನು ಮರೆತವರು ಕೊನೇ ವರ್ಷ ಕೈಸಾಲಕ್ಕೆ ಹೋಗ್ತಾರೆ. ಒಟ್ಟು 3,98,000. ನಿಮ್ಮ ಮಕ್ಕಳ ಕಾಲೇಜಿನಲ್ಲಿ ಲೆಕ್ಕ ಬೇರೆ ಇರಬಹುದು, ಆ ಕಾಲೇಜಿನ ಪಟ್ಟಿಯನ್ನೇ ಹಿಡಿಯಿರಿ.

ಈಗ ಬಡ್ಡಿ. ಓದುವ ಕಾಲ ಮತ್ತು ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಿಲ್ಲ. ಆದರೆ ಸರಳ ಬಡ್ಡಿ ಮಾತ್ರ ಬೆಳೆಯುತ್ತಾ ಹೋಗುತ್ತೆ. ಶೇಕಡ 10 ಎಂದಿಟ್ಟುಕೊಳ್ಳಿ. ಪೂರ್ತಿ ಹಣವನ್ನು ಮೊದಲನೇ ವರ್ಷವೇ ಎತ್ತಿದರೆ ಐದು ವರ್ಷಕ್ಕೆ 1,99,000 ಬಡ್ಡಿ. ವರ್ಷ ವರ್ಷ ಬೇಕಾದಷ್ಟನ್ನೇ ಎತ್ತಿದರೆ ಮೊದಲ ಕಂತಿಗೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು. ಕೂಡಿದರೆ 1,37,200. ಆದ್ದರಿಂದ "ಶುಲ್ಕ ಕಟ್ಟುವ ಹೊತ್ತಿಗೆ ಕಂತು ಕಂತಾಗಿ ನೇರವಾಗಿ ಕಾಲೇಜಿಗೆ ಕೊಡಿ" ಎಂದು ಕಾಗದದಲ್ಲೇ ಬರೆಯಬೇಕು.

ಆ 1,37,200 ಕೂಡ ಉಳಿಯುವ ದಾರಿಯೊಂದಿದೆ. ಕುಟುಂಬದ ವರ್ಷದ ಆದಾಯ 4.5 ಲಕ್ಷದೊಳಗಿದ್ದು, ಓದು ವೃತ್ತಿಪರ ಪದವಿಯಾಗಿದ್ದರೆ, ಓದುವ ಕಾಲದ ಮತ್ತು ಆಮೇಲಿನ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರ ಕಟ್ಟುವ ಯೋಜನೆ 2009ರಿಂದ ಇದೆ. ಕೃಷಿ ಪದವಿಯನ್ನು ವೃತ್ತಿಪರ ಪದವಿ ಎಂದು ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 2016ರಲ್ಲಿ ಘೋಷಿಸಿದೆ. ಇದು ಗೊತ್ತಿಲ್ಲದೆ "ಅದು ಬರೀ ಬಿ.ಎಸ್ಸಿ. ತಾನೇ" ಅಂದುಬಿಡುವ ಗುಮಾಸ್ತರೂ ಇದ್ದಾರೆ. ಕಾಲೇಜಿನ ಮಾನ್ಯತೆಗೆ ಸಂಬಂಧಪಟ್ಟ ಷರತ್ತುಗಳೂ ಇವೆ, ಸಾಲ ತೆಗೆಯುವ ಮೊದಲೇ ಕೇಳಿಕೊಳ್ಳಿ. ನಾಡಕಚೇರಿಯ ಆದಾಯ ಪ್ರಮಾಣಪತ್ರವನ್ನು ಅರ್ಜಿಯ ಜೊತೆಗೇ ಕೊಡಿ. ಹುಡುಗ ಕಾಯಿಲೆಯಂಥ ಕಾರಣವಿಲ್ಲದೆ ಮಧ್ಯದಲ್ಲಿ ಓದು ಬಿಟ್ಟರೆ ಈ ಸಹಾಯ ಹೋಯಿತು.

ಇನ್ನು ಕಷ್ಟದ ಮಾತು. ಅವನ ಅಪ್ಪನ ಬೆಳೆಸಾಲ ಸುಸ್ತಿಯಾಗಿತ್ತು. ಎರಡು ವರ್ಷ ಮೆಕ್ಕೆಜೋಳ ಕೈಕೊಟ್ಟಿತ್ತು. ಹುಡುಗ ಅದನ್ನು ಬರೆದಿರಲಿಲ್ಲ. "ಬರೆದರೆ ಕೊಡೋದಿಲ್ಲ" ಅಂದ. ತಮ್ಮಾ, ನೀನು ಬರೆಯದಿದ್ದರೂ ಅವರ ಕಂಪ್ಯೂಟರಿನಲ್ಲಿ ಇರುತ್ತೆ, ಮುಚ್ಚಿಟ್ಟೆ ಅನ್ನೋ ಹೆಸರು ಬೇರೆ ಬರುತ್ತೆ ಅಂದೆ. ತಂದೆತಾಯಿಯ ಸಾಲದ ಚರಿತ್ರೆ ಚೆನ್ನಾಗಿಲ್ಲ ಎಂಬ ಒಂದೇ ಕಾರಣಕ್ಕೆ ಮಕ್ಕಳಿಗೆ ವಿದ್ಯಾಸಾಲ ನಿರಾಕರಿಸಬಾರದು ಎಂದು ಕೇರಳ ಹೈಕೋರ್ಟು 2020ರಲ್ಲಿ ಹೇಳಿದೆ. ಅದು ಕೇರಳದ ತೀರ್ಪು, ನಮ್ಮ ಮ್ಯಾನೇಜರರ ಕೈಕಟ್ಟುವುದಿಲ್ಲ. ಆದರೂ ತೋರಿಸುವುದಕ್ಕೆ ಒಂದು ಆಧಾರ.

ಕೊನೆಗೆ ಕಾಗದ ಹೀಗಾಯಿತು:

"ಮಾನ್ಯ ವ್ಯವಸ್ಥಾಪಕರಿಗೆ. ವಿಷಯ: ಬಿ.ಎಸ್ಸಿ. (ಆನರ್ಸ್) ಕೃಷಿ ವೃತ್ತಿಪರ ಪದವಿಗೆ 3,98,000 ರೂ. ವಿದ್ಯಾಸಾಲ. ನನಗೆ ಕೃಷಿಕರ ಕೋಟಾದಲ್ಲಿ ನಾಲ್ಕು ವರ್ಷದ ಈ ಪದವಿಗೆ ಸರ್ಕಾರಿ ಸೀಟು ದೊರೆತಿದೆ. ವರ್ಷವಾರು ಖರ್ಚಿನ ಪಟ್ಟಿ, ಸೀಟು ಹಂಚಿಕೆ ಪತ್ರ, ಅಂಕಪಟ್ಟಿಗಳು, ಆದಾಯ ಪ್ರಮಾಣಪತ್ರ ಲಗತ್ತಿಸಿದೆ. ಸಾಲ 4 ಲಕ್ಷದೊಳಗಿರುವುದರಿಂದ ಅಡಮಾನವಿಲ್ಲದೆ, ತಂದೆಯವರನ್ನು ಸಹಸಾಲಗಾರರನ್ನಾಗಿ ಮಾಡಿಕೊಂಡು ಮಂಜೂರು ಮಾಡಲು ಕೋರುತ್ತೇನೆ. ಹಣವನ್ನು ಕಂತುಗಳಲ್ಲಿ ಕಾಲೇಜಿಗೆ ಪಾವತಿಸಬೇಕು. ಬಡ್ಡಿ ಸಹಾಯಧನಕ್ಕೂ ನನ್ನ ಹೆಸರು ಸೇರಿಸಬೇಕು. ತಂದೆಯವರ ಬೆಳೆಸಾಲ ಬೆಳೆನಷ್ಟದಿಂದ ಸುಸ್ತಿಯಾಗಿದೆ. ಈ ಸಾಲವನ್ನು ನಾನು ನನ್ನ ದುಡಿಮೆಯಿಂದ ತೀರಿಸುವೆ. ನಿರಾಕರಿಸುವುದಾದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕಾಗಿ ವಿನಂತಿ."

ಈಗ ಅರ್ಜಿ ಹಾಕೋದು ವಿದ್ಯಾಲಕ್ಷ್ಮಿ ಜಾಲತಾಣದಲ್ಲಿ. ಆದರೂ ಕಾಗದದ ಒಂದು ಪ್ರತಿ ಶಾಖೆಗೆ ಕೊಟ್ಟು, ಇನ್ನೊಂದಕ್ಕೆ ಮೊಹರು ಹಾಕಿಸಿಕೊಳ್ಳಿ. ಮೊದಲ ದಿನ ಮ್ಯಾನೇಜರ್ "ಅಪ್ಪನ ಸಾಲ ತೀರಿಸಿ ಬಾರಪ್ಪ" ಅಂದರು. ಹುಡುಗ ವಾದಕ್ಕೆ ಹೋಗಲಿಲ್ಲ, "ಅದನ್ನೇ ಬರೆದು ಕೊಡಿ ಸಾರ್" ಅಂದ. ಮಾದರಿ ಯೋಜನೆಯ ಪ್ರಕಾರ ತಿರಸ್ಕರಿಸಬೇಕಾದರೆ ಮೇಲಿನ ಅಧಿಕಾರಿಯ ಒಪ್ಪಿಗೆ ಬೇಕು, ಕಾರಣ ತಿಳಿಸಬೇಕು. ಹದಿನೈದು ದಿನದಿಂದ ತಿಂಗಳೊಳಗೆ ತೀರ್ಮಾನವಾಗಬೇಕು. ಬಾಯಿಮಾತಿನ "ಆಗಲ್ಲ"ಕ್ಕೆ ಮೇಲ್ಮನವಿ ಹಾಕುವ ಹಾಗಿಲ್ಲ ನೋಡಿ. ಇಪ್ಪತ್ತಾರನೇ ದಿನ ಮಂಜೂರಾತಿ ಬಂತು.

ಇನ್ನೊಂದು ಮಾತನ್ನು ಅವನ ಅಪ್ಪನಿಗೂ ಹೇಳಿದೆ, ನಿಮಗೂ ಹೇಳಬೇಕು. 2018ರಲ್ಲಿ ರಾಜ್ಯ ಮಾಡಿದ ಮನ್ನಾ ಬೆಳೆಸಾಲಕ್ಕೆ. ವಿದ್ಯಾಸಾಲ ಅದರೊಳಗೆ ಬರಲಿಲ್ಲ, ಮುಂದೆ ಬಂದೀತು ಎಂದು ಕಾಯಬೇಡಿ. ಬಡ್ಡಿ ಸಹಾಯ ಸಿಗದಿದ್ದರೆ ಐದು ವರ್ಷದ ಕೊನೆಗೆ ಅವನ ತಲೆ ಮೇಲೆ 5,35,200 ಇರುತ್ತೆ. ಹತ್ತು ವರ್ಷದಲ್ಲಿ ತೀರಿಸುವುದಾದರೆ ತಿಂಗಳಿಗೆ ಸುಮಾರು 7,070, ಹದಿನೈದು ವರ್ಷಕ್ಕಾದರೆ ಸುಮಾರು 5,750. ಹುಡುಗ ಕೆಲಸಕ್ಕೆ ಸೇರಿದರೆ ಸಂಬಳದಿಂದ ಕಟ್ಟಿಯಾನು. ಪದವಿ ಮುಗಿಸಿ ಹೊಲಕ್ಕೇ ಬರ್ತೀನಿ ಅಂದರೆ? ಮೆಕ್ಕೆಜೋಳದ ಹಣ ತಿಂಗಳು ತಿಂಗಳು ಬರೋದಿಲ್ಲ, ಬ್ಯಾಂಕಿನ ಕಂತು ಮಾತ್ರ ಬರುತ್ತೆ. ಹದಿನೈದು ವರ್ಷದ ಅವಧಿಯನ್ನೇ ಬರೆಸಿಕೋ, ಬೆಳೆ ಬಂದಾಗ ಹೆಚ್ಚಿಗೆ ಕಟ್ಟು ಅಂತ ಹುಡುಗನಿಗೆ ಹೇಳಿದ್ದೇನೆ. ಅವನು ಈಗ ಎರಡನೇ ಸೆಮಿಸ್ಟರಿನಲ್ಲಿದ್ದಾನೆ. ಪಹಣಿ ಅವರ ಮನೆ ಪೆಟ್ಟಿಗೆಯಲ್ಲೇ ಇದೆ, ಅಪ್ಪನ ಬೆಳೆಸಾಲವೂ ಹಾಗೇ ಇದೆ.