ಕೂಡು ಖರ್ಚು ಯಾರ ತಲೆಗೆ ಎಷ್ಟು?



ನಮ್ಮವರಲ್ಲಿ ಹಲವರು ಇಲ್ಲಿ ಪಾಲುದಾರಿಕೆಯಲ್ಲಿ ಅಂಗಡಿ ನಡೆಸುತ್ತಾರೆ. ಒಂದೇ ಬಾಗಿಲಿನೊಳಗೆ ಒಬ್ಬ ಗ್ರಾಸರಿ ನೋಡಿಕೊಂಡರೆ ಇನ್ನೊಬ್ಬ ಕೆಫೆಟೇರಿಯಾ, ಮತ್ತೊಬ್ಬ ಮೊಬೈಲ್ ಕೌಂಟರ್. ತಿಂಗಳ ಕೊನೆಗೆ ಯಾವುದರಲ್ಲಿ ಎಷ್ಟು ಉಳಿಯಿತು ಎಂದು ಕೂತಾಗ ಮನಸ್ತಾಪ ಹುಟ್ಟುವುದು ಬಾಡಿಗೆ, ಕರೆಂಟ್‌ನಂಥ ಕೂಡು ಖರ್ಚಿನಲ್ಲೇ. ಅದನ್ನು ಹಂಚುವ ಬಗ್ಗೆ ಇವತ್ತು ಮಾತಾಡೋಣ.

ಮೊದಲು ಪ್ರತಿ ವಿಭಾಗದ ಮಾರಾಟ, ಖರೀದಿ, ಉಳಿದ ಸರಕು, ಅಲ್ಲಿನವರ ಸಂಬಳ ಬೇರೆ ಬೇರೆ ಬರೆಯಬೇಕು. ಕೆಫೆಟೇರಿಯಾಕ್ಕೆ ಗ್ರಾಸರಿಯಿಂದ ಹಾಲು, ಸಕ್ಕರೆ ಎತ್ತಿಕೊಂಡರೆ ಅದನ್ನೂ ಕೊಂಡ ಬೆಲೆಗೆ ಕೆಫೆಟೇರಿಯಾದ ಖರೀದಿಗೆ ಸೇರಿಸಿ, ಗ್ರಾಸರಿಯದರಿಂದ ಕಳೆಯಬೇಕು. ಗ್ರಾಸರಿಯ ಲಾಭ ಕಾರಣವಿಲ್ಲದೆ ಇಳಿದು ಕೆಫೆಟೇರಿಯಾದ್ದು ಏರಿದರೆ, ಇದು ಬಿಟ್ಟುಹೋಗಿದೆಯೇ ಎಂದು ನೋಡಿ.

ಈಗ ಒಂದು ಉದಾಹರಣೆ. ಸ್ವಂತ ಖರ್ಚು ಕಳೆದು ಗ್ರಾಸರಿಯಲ್ಲಿ 10,000, ಕೆಫೆಟೇರಿಯಾದಲ್ಲಿ 4,000, ಮೊಬೈಲ್‌ನಲ್ಲಿ 2,400 ದಿರ್ಹಂ ಉಳಿದಿದೆ. ಬಾಡಿಗೆ 10,000, ಕರೆಂಟ್ 3,000. ಮಾರಾಟ ನೂರಕ್ಕೆ 60, 20, 20ರಂತೆ ಇದೆ.

ಎಲ್ಲವನ್ನೂ ಮಾರಾಟದ ಮೇಲೆ ಹಂಚಿದರೆ ಮೊಬೈಲ್‌ಗೆ 2,600 ಖರ್ಚು ಬಿದ್ದು 200 ನಷ್ಟ ಕಾಣುತ್ತದೆ. ಕೆಫೆಟೇರಿಯಾಕ್ಕೂ ಅಷ್ಟೇ ಖರ್ಚು, ಲಾಭ 1,400. ಆದರೆ ಮೊಬೈಲ್ ಕೌಂಟರ್ ಹಿಡಿದಿರುವುದು ಹತ್ತನೇ ಒಂದು ಪಾಲು ಜಾಗ ಮಾತ್ರ. ಒಂದು ಫೋನ್ ಮಾರಿದರೆ ಮಾರಾಟ ದೊಡ್ಡದಾಗಿ ಕಾಣುತ್ತದೆ, ಹಾಗೆಂದು ಜಾಗ ಹೆಚ್ಚು ಬಳಸಿದಂತಾಗುವುದಿಲ್ಲ.

ಬಾಡಿಗೆಗೆ ಜಾಗವೇ ಅಳತೆ. ಟೇಪ್ ಹಿಡಿದು ಅಳೆದಾಗ ನೂರಕ್ಕೆ 60, 30, 10 ಬಂತು ಎನ್ನಿ. ಕರೆಂಟ್‌ಗೆ ಸಬ್ ಮೀಟರ್: 1,500, 1,400, 100. ಆಗ ಮೊಬೈಲ್‌ಗೆ 1,300 ಲಾಭ, ಕೆಫೆಟೇರಿಯಾಕ್ಕೆ 400 ನಷ್ಟ, ಗ್ರಾಸರಿಗೆ 2,500 ಲಾಭ. ಒಟ್ಟು ಎರಡು ರೀತಿಯಲ್ಲೂ 3,400. ಅಂಗಡಿಯ ಲಾಭ ಬದಲಾಗಿಲ್ಲ, ಬದಲಾದದ್ದು ಯಾರ ಪಾಲು ಎಷ್ಟು ಎಂಬುದು.

ಜಾಹೀರಾತಿನಂಥ ಖರ್ಚನ್ನು ಮಾರಾಟದ ಮೇಲೆ ಹಂಚಬಹುದು. ಸಾಲದ ಖರ್ಚಿನಂತೆ ಯಾವ ಅಳತೆಗೂ ಸಿಗದ್ದನ್ನು ಹಂಚದೆ, ಇಡೀ ಅಂಗಡಿಯ ಲೆಕ್ಕದಲ್ಲೇ ಕಳೆಯಿರಿ.

ಇನ್ನೊಂದು ಮಾತು. 400 ನಷ್ಟ ಕಂಡ ಕೂಡಲೇ ಕೆಫೆಟೇರಿಯಾ ಮುಚ್ಚಬೇಡಿ. ಮುಚ್ಚಿದರೆ 4,000 ಹೋಗುತ್ತದೆ, ಉಳಿಯುವುದು ಕರೆಂಟಿನ 1,400 ಮಾತ್ರ. ಅದರ ಪಾಲಿನ 3,000 ಬಾಡಿಗೆ ಹೇಗೂ ಕಟ್ಟಬೇಕು. ಅಂಗಡಿಯ ಲಾಭ 3,400ರಿಂದ 800ಕ್ಕೆ ಬೀಳುತ್ತದೆ. ಆ ಜಾಗದಲ್ಲಿ ಬೇರೇನಾದರೂ ತಿಂಗಳಿಗೆ 2,600ಕ್ಕಿಂತ ಹೆಚ್ಚು ತರುವುದಾದರೆ ಮಾತ್ರ ಮುಚ್ಚುವುದರಲ್ಲಿ ಅರ್ಥವಿದೆ.

ಯಾವ ಖರ್ಚಿಗೆ ಯಾವ ಅಳತೆ ಎಂಬುದನ್ನು ವರ್ಷದ ಆರಂಭದಲ್ಲೇ ಬರೆದು ಎಲ್ಲ ಪಾಲುದಾರರ ಸಹಿ ಹಾಕಿಸಿಡಿ. ಲಾಭ ಗೊತ್ತಾದ ಮೇಲೆ ಅಳತೆ ಆರಿಸಲು ಹೊರಟರೆ, ಪ್ರತಿಯೊಬ್ಬರೂ ತಮಗೆ ಅನುಕೂಲವಾದದ್ದನ್ನೇ ನ್ಯಾಯ ಅಂತಾರೆ.