ಒಂದು ಸಲಕ್ಕೆ ಒಂದೇ ಬದಲಾವಣೆ

ಹಗಲೂ ರಾತ್ರಿ ತೆರೆದಿರುವ ಔಷಧಿ ಅಂಗಡಿಯೊಂದರ ಬಿಲ್ಲಿಂಗ್ ತಂತ್ರಾಂಶದಲ್ಲಿ ಕೆಲವು ಬಿಲ್ಲುಗಳು ಹಿಂದಿನ ದಿನದ ಲೆಕ್ಕಕ್ಕೆ ಸೇರುತ್ತಿವೆ ಎಂದಿಟ್ಟುಕೊಳ್ಳಿ. ಗಾಬರಿಗೆ ಬಿದ್ದವರು ಒಂದೇ ಏಟಿಗೆ ಸರ್ವರಿನ ಸಮಯವಲಯ ಬದಲಿಸುತ್ತಾರೆ, ವರದಿಯಲ್ಲಿ ಐದೂವರೆ ಗಂಟೆಯನ್ನೂ ಕೂಡಿಸುತ್ತಾರೆ. ಮೊದಲಿನ ತಪ್ಪು ಮಾಯವಾಗುತ್ತದೆ. ಆದರೆ ಐದೂವರೆ ಗಂಟೆ ಎರಡು ಸಲ ಸೇರಿದ್ದರಿಂದ ಸಂಜೆ 6.30ರ ನಂತರದ ಬಿಲ್ಲುಗಳು ನಾಳೆಯ ಲೆಕ್ಕಕ್ಕೆ ಹೋಗುತ್ತವೆ. ಯಾವ ತಿದ್ದುಪಡಿ ಏನು ಮಾಡಿತೆಂದು ಈಗ ಯಾರೂ ಹೇಳಲಾರರು.

ಕೋಡ್ ಮುಟ್ಟುವ ಮೊದಲು ಒಂದು ಊಹೆಯನ್ನು ಬರೆದಿಡಬೇಕು: ಸರ್ವರ್ ಯುಟಿಸಿ ಸಮಯದಲ್ಲಿ ದಿನಾಂಕ ಲೆಕ್ಕ ಹಾಕುತ್ತಿದೆ, ಅದು ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿದೆ. ಹಾಗಿದ್ದರೆ ನಡುರಾತ್ರಿಯಿಂದ ಬೆಳಗಿನ 5.30ರವರೆಗಿನ ಬಿಲ್ಲುಗಳು ಮಾತ್ರ ತಪ್ಪಬೇಕು, 5.29ರದ್ದು ತಪ್ಪಾಗಿ, 5.31ರದ್ದು ಸರಿಯಾಗಿ ಕಾಣಬೇಕು. ಹಳೆಯ ಬಿಲ್ಲುಗಳನ್ನು ನೋಡಿದರೇ ಇದು ಗೊತ್ತಾಗುತ್ತದೆ. ಮಧ್ಯಾಹ್ನದ ಬಿಲ್ಲೂ ತಪ್ಪಿದ್ದರೆ ಈ ಊಹೆ ಸಾಲದು, ಬೇರೆ ಕಾರಣ ಹುಡುಕಬೇಕು. ಊಹೆ ಸರಿಯೆಂದು ಕಂಡರೆ ವರದಿಯ ದಿನಾಂಕದ ಲೆಕ್ಕವೊಂದನ್ನೇ ಬದಲಿಸಿ, ಅದೇ ಬಿಲ್ಲುಗಳನ್ನು ಮತ್ತೆ ನೋಡಬೇಕು.

ಗಿರಾಕಿ ಕಾಯುತ್ತಿರುವಾಗ ಇಷ್ಟು ವ್ಯವಧಾನ ಎಲ್ಲಿದೆ ಎಂದು ಕೇಳಬಹುದು. ಊಹೆ ಬರೆಯಲು ಎರಡು ನಿಮಿಷ ಸಾಕು. ಬೆರೆತುಹೋದ ತಿದ್ದುಪಡಿಗಳನ್ನು ಬಿಡಿಸಲು ಇಡೀ ದಿನವೇ ಹೋದೀತು. ಎರಡು ದೋಷಗಳು ಒಟ್ಟಿಗಿದ್ದರೆ ಒಂದು ಬದಲಾವಣೆಯಿಂದ ಎಲ್ಲವೂ ಸರಿಹೋಗದು ಎಂಬ ಆಕ್ಷೇಪ ಗಟ್ಟಿಯಾದದ್ದು. ಆಗಲೂ ಊಹೆಯೇ ದಾರಿ ತೋರುತ್ತದೆ: ಹೇಳಿದಷ್ಟು ಬಿಲ್ಲುಗಳು ಸರಿಹೋಗಿದ್ದರೆ ಆ ಬದಲಾವಣೆ ಉಳಿಯಲಿ, ಉಳಿದವಕ್ಕೆ ಹೊಸ ಊಹೆ ಬರೆಯಿರಿ. ಏನೂ ಬದಲಾಗದಿದ್ದರೆ ಮುಂದಿನದಕ್ಕೆ ಕೈಹಾಕುವ ಮೊದಲು ಆ ತಿದ್ದುಪಡಿಯನ್ನು ತೆಗೆದುಹಾಕಿ.